‘ಕಕ್ಕಡದಲ್ಲಿ ಯಾರು ಟ್ರ್ಯಾಪ್ ಕಟ್ತಾರೆ?’: ಎಐ ನೆರವಿನ ಪ್ರಸ್ತಾವನೆಯ ಒಂದು ಪ್ರಕರಣ

ಸಂಶೋಧನಾ ಅರ್ಜಿ ಬರೆಯಲು ಎಐ ನೆರವು ಪಡೆದದ್ದನ್ನು ಹೇಳಬೇಕೇ ಬೇಡವೇ ಎಂಬ ಗೊಂದಲ ಹೊತ್ತು ನನ್ನ ಬಳಿ ಸಲಹೆಗೆ ಬರುವವರು ಹೆಚ್ಚುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಸೋಮವಾರಪೇಟೆ ಕಡೆಯ ಅರೇಬಿಕಾ ಬೆಳೆಗಾರರ ಮನೆಯ ಮಗಳು. ಕಾಫಿಯ ಬಿಳಿ ಕಾಂಡಕೊರಕ, ಅಂದರೆ ಬೋರರ್ ಕೀಟದ ಮೇಲೆ ಪಿಎಚ್.ಡಿ. ಮುಗಿಸಿ, ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಅರ್ಜಿ ತಯಾರಿಸುತ್ತಿದ್ದರು. ಕರಡಿನ ಒಂದಷ್ಟು ಭಾಗ ಎಐ ಬರೆದದ್ದು. ಕೊನೆಯ ದಿನಾಂಕಕ್ಕೆ ಮೂರು ವಾರ ಇರುವಾಗ ಬಂದರು. ನಿದ್ದೆ ಇರಲಿಲ್ಲ. ‘ಹೇಳಿದ್ರೆ ರಿಜೆಕ್ಟ್ ಆಗುತ್ತೆ, ಹೇಳದಿದ್ರೆ ಸಿಕ್ಕಿಬೀಳ್ತೀನಿ ಮೇಡಂ’ ಎಂದರು.

ಬರುವ ಹೊತ್ತಿಗೆ ಅವರು ಕರಡನ್ನು ಎಐ ಪತ್ತೆ ಮಾಡುವ ವೆಬ್‌ಸೈಟ್ ಒಂದಕ್ಕೆ ಹಾಕಿ ನೋಡಿಯೂ ಆಗಿತ್ತು. ಅದು ಅವರದೇ ಪಿಎಚ್.ಡಿ. ಪ್ರಬಂಧದಿಂದ ತೆಗೆದ ಪ್ಯಾರಾವನ್ನು ಕೆಂಪು ಮಾಡಿ, ಎಐ ಬರೆದದ್ದನ್ನು ಹಾಗೇ ಬಿಟ್ಟಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆಂದು ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಪತ್ತೆಗಾರ ಸಾಧನಗಳು ಎಐ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು 2023ರ ಒಂದು ಅಧ್ಯಯನ ತೋರಿಸಿತ್ತು. ವೆಬ್‌ಸೈಟ್ ತೋರಿಸುವ ಶೇಕಡಾವಾರು ಸಂಖ್ಯೆ ನೋಡಿ ವಾಕ್ಯ ತಿದ್ದುತ್ತಾ ಕೂರುವುದನ್ನು ಮೊದಲು ನಿಲ್ಲಿಸಿ ಎಂದೆ. ಯಂತ್ರಕ್ಕೆ ಹೆದರಿ ಒಳ್ಳೆಯ ವಾಕ್ಯವನ್ನು ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಆಮೇಲೆ ನಿಯಮದ ಮಾತು. ‘ಎಐ ಬಳಸಬಹುದಾ’ ಎಂಬ ಪ್ರಶ್ನೆಗೆ ಎಲ್ಲ ಸಂಸ್ಥೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಆಕೆಗೆ ಗೆಳತಿಯೊಬ್ಬರು ಅಮೆರಿಕದಲ್ಲಿ ಆರೋಗ್ಯ ಸಂಶೋಧನೆಗೆ ಅನುದಾನ ಕೊಡುವ ಎನ್ಐಎಚ್‌ನ ನಿಯಮವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಹೆದರಿಕೆ ಹುಟ್ಟಿದ್ದೇ ಅಲ್ಲಿಂದ. ಎಐ ಗಣನೀಯವಾಗಿ ರೂಪಿಸಿದ ಅರ್ಜಿಯನ್ನಾಗಲಿ, ಅಂಥ ಭಾಗಗಳಿರುವ ಅರ್ಜಿಯನ್ನಾಗಲಿ ಅರ್ಜಿದಾರರ ಸ್ವಂತ ವಿಚಾರವೆಂದು ಪರಿಗಣಿಸುವುದಿಲ್ಲ ಎಂದು ಎನ್ಐಎಚ್ 2025ರ ಜುಲೈನಲ್ಲಿ ಪ್ರಕಟಿಸಿತು. ಸೆಪ್ಟೆಂಬರ್ 25ರಿಂದ ಅದು ಜಾರಿಗೆ ಬಂತು. ಅನುದಾನ ಸಿಕ್ಕ ಮೇಲೆ ಪತ್ತೆಯಾದರೂ ಕ್ರಮ ತಪ್ಪದು. ಅದೇ ದೇಶದ ವಿಜ್ಞಾನ ಅನುದಾನ ಸಂಸ್ಥೆ ಎನ್ಎಸ್ಎಫ್ 2023ರ ಡಿಸೆಂಬರಿನಲ್ಲಿ ಹೇಳಿದ್ದು ಬೇರೆ: ಎಐಯನ್ನು ಎಷ್ಟು, ಹೇಗೆ ಬಳಸಿದಿರಿ ಎಂದು ಯೋಜನಾ ವಿವರಣೆಯಲ್ಲೇ ತಿಳಿಸಿ ಎಂಬ ಉತ್ತೇಜನ, ಕಡ್ಡಾಯವಲ್ಲ. ಆಕೆಯ ಅರ್ಜಿ ಹೋಗುತ್ತಿದ್ದುದು ಯುರೋಪಿನ ಹೊರೈಜನ್ ಎಂಬ ಸಂಶೋಧನಾ ಅನುದಾನ ಕಾರ್ಯಕ್ರಮದಡಿ. ಅಲ್ಲಿ ಎಐಗೆ ನಿಷೇಧವಿಲ್ಲ. ಆದರೆ ಯಾವ ಸಾಧನ, ಹೇಗೆ ಬಳಸಿದಿರಿ ಎಂಬುದನ್ನು ಪಾರದರ್ಶಕವಾಗಿ ಹೇಳಲೇಬೇಕು, ಎಐ ಬರೆದ ಸಾಲುಗಳಿಗೂ ಅರ್ಜಿದಾರರೇ ಪೂರ್ತಿ ಹೊಣೆ, ಉಲ್ಲೇಖಗಳನ್ನು ಎರಡೆರಡು ಬಾರಿ ಪರಿಶೀಲಿಸಿರಬೇಕು ಎಂದು ಅರ್ಜಿ ನಮೂನೆಯೇ ಹೇಳುತ್ತದೆ. ಹೀಗಾಗಿ ‘ಹೇಳಿದ್ರೆ ರಿಜೆಕ್ಟ್’ ಎಂಬ ಭಯಕ್ಕೆ ಇಲ್ಲಿ ಆಧಾರವೇ ಇರಲಿಲ್ಲ.

ಎರಡನೇ ಭೇಟಿಗೆ ಕರಡಿನ ಪ್ರಿಂಟ್ ಮತ್ತು ಮೂರು ಬಣ್ಣದ ಪೆನ್ನು ತರಲು ಹೇಳಿದ್ದೆ. ತಾವೇ ಬರೆದದ್ದಕ್ಕೆ ಹಸಿರು, ತಮ್ಮ ವಿಚಾರವನ್ನು ಎಐ ಇಂಗ್ಲಿಷಿನಲ್ಲಿ ತಿದ್ದಿದ್ದಕ್ಕೆ ನೀಲಿ, ವಿಚಾರವೇ ಎಐಯಿಂದ ಬಂದಿದ್ದರೆ ಕೆಂಪು. ಹತ್ತು ಪುಟದ ಅರ್ಜಿ. ಆರು ಪುಟದವರೆಗೆ ಹಸಿರು, ನೀಲಿ ಸರಾಗವಾಗಿ ಬಿದ್ದವು. ಏಳನೇ ಪುಟದ ಕಾರ್ಯಯೋಜನೆಗೆ ಬಂದಾಗ ಕೈ ನಿಂತಿತು. ಅಲ್ಲಿ ಹೀಗಿತ್ತು: ‘ಜೂನ್‌ನಿಂದ ಆಗಸ್ಟ್‌ವರೆಗೆ ವಯಸ್ಕ ಕೀಟಗಳ ಹಾರಾಟದ ಅವಧಿಯಲ್ಲಿ ಕೊಡಗಿನ ತೋಟಗಳಲ್ಲಿ ಫೆರೋಮೋನ್ ಟ್ರ್ಯಾಪ್ ಅಳವಡಿಸಲಾಗುವುದು.’

ಅವರು ಒಂದು ನಿಮಿಷ ಸುಮ್ಮನಿದ್ದರು. ‘ಅಪ್ಪ ಇದನ್ನ ಓದಿದ್ರೆ ನಗ್ತಿದ್ರು’ ಎಂದರು. ‘ಕಕ್ಕಡದಲ್ಲಿ ಯಾರು ಟ್ರ್ಯಾಪ್ ಕಟ್ತಾರೆ? ಆ ಮಳೇಲಿ ಬೋರರ್ ಹಾರುತ್ತಾ?’

ಕಕ್ಕಡವೆಂದರೆ ಕೊಡಗಿನಲ್ಲಿ ಮಳೆ ಬಿಡದೆ ಸುರಿಯುವ ತಿಂಗಳು. ಕಾಂಡಕೊರಕ ಹಾರುವುದು ಮುಂಗಾರಿಗೆ ಮೊದಲು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೇ ಬೆಳೆಗಾರರು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಾರಾಟಕ್ಕೆ ಮೊದಲೇ, ಬೋರರ್ ಹಿಡಿದ ಗಿಡ ಹುಡುಕಿ ಕೀಳಿಸುವುದು. ಇದನ್ನೆಲ್ಲ ನನಗೆ ವಿವರಿಸಿದ್ದು ಆಕೆಯೇ. ಆದರೂ ಆ ಸಾಲು ಅವರ ಕಣ್ಣು ತಪ್ಪಿಸಿ ನಾಲ್ಕು ಆವೃತ್ತಿ ದಾಟಿತ್ತು, ಏಕೆಂದರೆ ಇಂಗ್ಲಿಷ್ ಚೆನ್ನಾಗಿತ್ತು. ಕಾಂಡಕೊರಕ ಬಲ್ಲ ಮೌಲ್ಯಮಾಪಕರ ಕೈಗೆ ಬಿದ್ದಿದ್ದರೆ ಎಐ ಬಳಸಿದ ತಪ್ಪಿಗಲ್ಲ, ಕೀಟದ ಜೀವನಚಕ್ರವೇ ಗೊತ್ತಿಲ್ಲವೆಂದು ಅಂಕ ಹೋಗುತ್ತಿತ್ತು. ಅದೇ ಪುಟದಲ್ಲಿದ್ದ ಒಂದು ಉಲ್ಲೇಖವನ್ನು ಹುಡುಕಿದಾಗ ಅಂಥ ಲೇಖನವೇ ಸಿಗಲಿಲ್ಲ.

ಕೆಂಪು ಬಿದ್ದ ಎರಡು ಪ್ಯಾರಾಗಳನ್ನು ತಿದ್ದಬೇಡಿ, ಅಳಿಸಿ ಹೊಸದಾಗಿ ಬರೆಯಿರಿ ಎಂದು ಸಲಹೆ ಕೊಟ್ಟೆ. ತಿದ್ದಿದರೆ ಪದ ಬದಲಾಗುತ್ತದೆ, ಯೋಜನೆಯ ಬೆನ್ನೆಲುಬು ಎಐಯದೇ ಆಗಿ ಉಳಿಯುತ್ತದೆ. ನಾಳೆ ಎನ್ಐಎಚ್‌ನಂಥ ಸಂಸ್ಥೆಗೆ ಇದೇ ವಿಚಾರ ಕಳಿಸುವುದಾದರೆ ‘ಗಣನೀಯ’ ಎಂಬ ಪದ ಹಿಡಿಯುವುದು ಅದನ್ನೇ. ಅವರು ಸಂಜೆ ಕೂತು ಕನ್ನಡದಲ್ಲೇ ತಿಂಗಳುವಾರು ಯೋಜನೆ ಬರೆದು, ನಂತರ ಇಂಗ್ಲಿಷಿಗೆ ತಂದರು.

ಉಳಿದ ನೀಲಿಗೆ ಬೇಕಾದದ್ದು ಒಂದು ಹೇಳಿಕೆ. ‘ಎಐ ನೆರವು ಪಡೆಯಲಾಗಿದೆ’ ಎಂಬ ಒಂಟಿ ಸಾಲು ಸಾಲದು. ಓದುವವರು ಎಲ್ಲವನ್ನೂ ಅನುಮಾನಿಸುತ್ತಾರೆ. ಅವರು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಹೀಗಿದೆ: ‘ವಿಭಾಗ 1.1 ಮತ್ತು 2.1ರ ಭಾಷೆಯನ್ನು ತಿದ್ದಲು, ಸಾರಾಂಶವನ್ನು ಚಿಕ್ಕದಾಗಿಸಲು ಇಂಥ ಸಾಧನದ ಇಂಥ ಆವೃತ್ತಿಯನ್ನು ಬಳಸಿದ್ದೇವೆ. ಸಂಶೋಧನಾ ಪ್ರಶ್ನೆ, ವಿಧಾನ, ಕಾರ್ಯಯೋಜನೆ ಅರ್ಜಿದಾರರದ್ದು. ಎಲ್ಲ ಉಲ್ಲೇಖಗಳನ್ನೂ ಮೂಲ ಲೇಖನ ತೆರೆದು ಪರಿಶೀಲಿಸಿದ್ದೇವೆ.’ ಪುಟಮಿತಿ ಬಿಗಿಯಾಗಿರುವುದರಿಂದ ನಾಲ್ಕೈದು ಸಾಲಿಗೆ ನಿಲ್ಲಿಸಬೇಕು. ಇದರ ಹಿಂದೆ ಒಂದು ನೋಟ್‌ಬುಕ್ ಇರಲಿ: ದಿನಾಂಕ, ಸಾಧನ, ವಿಭಾಗ, ಏನು ಕೇಳಿದಿರಿ, ಏನು ಉಳಿಸಿಕೊಂಡಿರಿ. ಪ್ರಶ್ನೆ ಬಂದರೆ ನೆನಪಿನಿಂದ ಉತ್ತರಿಸುವ ಪಾಡು ಬರುವುದಿಲ್ಲ.

ಬರೀ ವ್ಯಾಕರಣ ತಿದ್ದಿದ್ದಕ್ಕೂ ಇಷ್ಟು ರಾಮಾಯಣ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಹೊರೈಜನ್ ನಮೂನೆ ವ್ಯಾಕರಣಕ್ಕೆ ವಿನಾಯಿತಿ ಕೊಟ್ಟಿಲ್ಲ, ಕೊಡದ ವಿನಾಯಿತಿಯನ್ನು ನಾನು ಊಹಿಸಿಕೊಳ್ಳಲಾರೆ.

ಹೇಳಿಕೆಗಿಂತ ಕಷ್ಟದ ಕೆಲಸ ಬೇರೊಂದಿತ್ತು. ಈ ಫೆಲೋಶಿಪ್‌ನಲ್ಲಿ ಅರ್ಜಿ ಸಲ್ಲಿಸುವುದು ಆತಿಥೇಯ ಸಂಸ್ಥೆ, ಅಲ್ಲಿನ ಮಾರ್ಗದರ್ಶಕರ ಮೂಲಕ. ಅವರಿಗೆ ಆಕೆ ಏನೂ ಹೇಳಿರಲಿಲ್ಲ. ಅಷ್ಟೇ ಅಲ್ಲ, ಮಾರ್ಗದರ್ಶಕರು ಕಳಿಸಿದ್ದ ಪ್ರಕಟವಾಗದ ಒಂದು ಕೋಷ್ಟಕವನ್ನೂ ಆಕೆ ಎಐಗೆ ಪೇಸ್ಟ್ ಮಾಡಿದ್ದರು. ಅದು ಅವರ ದತ್ತಾಂಶ, ಕೊಡುವ ಹಕ್ಕು ಆಕೆಯದಲ್ಲ. ಅನುದಾನ ಸಂಸ್ಥೆಗೆ ಹೇಳುವ ಮೊದಲು ಮಾರ್ಗದರ್ಶಕರಿಗೆ ಹೇಳಿ, ಕೋಷ್ಟಕದ ಸಂಗತಿಯನ್ನೂ ಸೇರಿಸಿ ಎಂದೆ. ಅಂದು ರಾತ್ರಿಯೇ ಇಮೇಲ್ ಬರೆದರು. ಮಾರನೇ ದಿನ ಬಂದ ಉತ್ತರದಲ್ಲಿ ಕೋಷ್ಟಕದ ಬಗ್ಗೆ ಬೇಸರವಿತ್ತು, ಹೇಳಿಕೆಗೆ ಒಪ್ಪಿಗೆಯಿತ್ತು.

ಸಲ್ಲಿಸುವ ಹಿಂದಿನ ದಿನ ಫೋನು ಮಾಡಿದರು. ಯೋಜನೆಯ ಶೀರ್ಷಿಕೆಗೆ ಎಐ ಏಳು ಹೆಸರು ಕೊಟ್ಟಿತ್ತಂತೆ, ಒಂದನ್ನು ಆರಿಸಿ ಎರಡು ಪದ ಬದಲಿಸಿದ್ದರಂತೆ. ‘ಇದನ್ನೂ ಹೇಳ್ಬೇಕಾ ಮೇಡಂ?’ ಹೇಳಿ ಎಂದೆ. ಹೇಳಿಕೆಯಲ್ಲಿ ‘ಸಾರಾಂಶ’ದ ಪಕ್ಕ ‘ಶೀರ್ಷಿಕೆ’ ಎಂಬ ಒಂದು ಪದ ಸೇರಿತು.