ಹೊಯ್ಸಳ ಕಾಲದ್ದು ಎನ್ನುವ ಬಳಪದ ಕಲ್ಲಿನ ಗಣಪತಿ: ಹಳೆಯದೋ, ಹೊಸದೋ?

«ಒಬ್ಬರು ಹೊಯ್ಸಳರ ಕಾಲದ್ದು ಅಂತ ಬಳಪದ ಕಲ್ಲಿನ ಗಣಪತಿ ತೋರಿಸಿದ್ದಾರೆ. ಮೈತುಂಬಾ ಪಾಚಿ ಇದೆ, ಸೊಂಡಿಲು ಸವೆದು ತುದಿ ಮುರಿದಿದೆ. ನಿಜವಾಗಿ ಹಳೆಯದೇ?»

ಪಾಚಿಯನ್ನು ನಂಬಬೇಡಿ ಸರ್. ಮಜ್ಜಿಗೆಯನ್ನೋ ಸಗಣಿ ನೀರನ್ನೋ ಬಳಿದು ನೆರಳಲ್ಲಿಟ್ಟರೆ ಮಲೆನಾಡಿನ ಒಂದೆರಡು ಮಳೆಗಾಲದಲ್ಲೇ ಹಸಿರು ಬರುತ್ತದೆ. ಬಯಲಲ್ಲಿ ನಿಂತ ಕಲ್ಲಿಗೆ ನೀರು ನಿಲ್ಲುವ ಕಡೆ, ನೆರಳಿನ ಮಗ್ಗುಲಲ್ಲಿ ಪಾಚಿ ಹೆಚ್ಚು. ಮುಂದೆ, ಹಿಂದೆ, ಪೀಠದ ಅಡಿಯಲ್ಲೂ ಒಂದೇ ಸಮ ಇದ್ದರೆ ಅನುಮಾನಿಸಿ.

ಮುಖ್ಯವಾಗಿ ನೋಡಬೇಕಾದದ್ದು ಆಭರಣಗಳ ಸಂದು. ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಮೈಗೆ ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿ. ಉಳಿಯ ಗುರುತುಗಳು ಗಿಡ್ಡ, ಆಳ ಒಂದೊಂದು ಥರ. ಗ್ರೈಂಡರ್ ಚಕ್ರ ತಾಗಿದ್ದರೆ ಬಿಲ್ಲಿನಂತೆ ಬಾಗಿದ, ಸಮಾನಾಂತರ ಸಣ್ಣ ಗೀರುಗಳು ಕಾಣುತ್ತವೆ. ಮೇಲ್ಮೈಯಲ್ಲಿ ಉಜ್ಜಿ ಅಳಿಸಿದರೂ ಸೊಂಡಿಲಿನ ಹಿಂದೆ, ತೋಳಿನ ಸಂದಿಯಲ್ಲಿ ಉಳಿದುಬಿಡುತ್ತವೆ. ಅವು ಸಿಕ್ಕರೆ ಆ ಕೆತ್ತನೆ ಈಚಿನದು. ಹಳೆಯ ಕಲ್ಲನ್ನೇ ಮತ್ತೆ ಕೆತ್ತಿರಲೂಬಹುದು. ಸಿಗದಿದ್ದ ಮಾತ್ರಕ್ಕೆ ಹಳೆಯದು ಎನ್ನುವಂತಿಲ್ಲ, ಇಂದಿಗೂ ಉಳಿಯಲ್ಲೇ ಕೆತ್ತುವವರಿದ್ದಾರೆ.

ಸವೆತಕ್ಕೂ ಕಾರಣ ಬೇಕು. ಕೈ ಸೋಕುವ ಹೊಟ್ಟೆ, ಮೊಣಕಾಲು ನುಣುಪಾಗಿ, ಒಳಸಂದಿನ ಕೆತ್ತನೆ ಚೂಪಾಗಿದ್ದರೆ ಅದು ಸಹಜ. ಆಸಿಡ್ ಅಥವಾ ಮರಳಿನ ಹೊಡೆತವಾದರೆ ಸಂದು, ಉಬ್ಬು ಎರಡೂ ಒಂದೇ ಥರ ಮಸುಕಾಗಿರುತ್ತವೆ. ಸೊಂಡಿಲು ಮುರಿದ ಜಾಗವನ್ನೂ ನೋಡಿ: ಪಕ್ಕದ ಮೈ ಕಪ್ಪಗಿದ್ದು ಮುರಿತ ಮಾತ್ರ ತಿಳಿಬೂದು ಇದ್ದರೆ ಅದು ಹೊಸ ಪೆಟ್ಟು.

ಹಾಂ, ನಿಜಕ್ಕೂ ಹಳೆಯದಾದರೆ ಇನ್ನೊಂದು ತಲೆನೋವು. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಮಾರುವವರ ಪರವಾನಗಿ, ನೋಂದಣಿ ಪತ್ರ ಕೇಳದೆ ಮುಂಗಡ ಕೊಡಬೇಡಿ.