ಅಪ್ಪಯ್ಯನಿಗೆ ಬರೆದ ಕಾಗದ: ಯಾವ ಎಫ್‌ಡಿ ಮುಟ್ಟಬೇಕು, ಯಾವುದು ಬೇಡ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಇರೋ ದುಡ್ಡೆಲ್ಲ ಎಫ್‌ಡಿಯಲ್ಲೇ ಇಟ್ಟಿದ್ದಾರೆ. ಸ್ವಲ್ಪ ಮ್ಯೂಚುವಲ್ ಫಂಡಿಗೆ ಹಾಕೋಣ ಅಂದ್ರೆ ಮಾತು ಜಗಳಕ್ಕೆ ಹೋಗುತ್ತೆ. ಮನೆಯವರನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ? ಹೇಗೆ ಹೇಳಿದಿರಿ?

ನಾನು ಫೋನಿನಲ್ಲಿ ಎರಡು ವರ್ಷ ಹೇಳಿ ಸೋತಿದ್ದೆ. ಆಮೇಲೆ ಒಂದು ಕಾಗದ ಬರೆದೆ. ಅಪ್ಪಯ್ಯ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡು ಎಕರೆ ಅಡಿಕೆ ತೋಟ, ನಡುವೆ ಕಾಳುಮೆಣಸು, ಬಾಳೆ. ಫೋನಿನಲ್ಲಿ ಅವರಿಗೆ ಲೆಕ್ಕ ಕೇಳಿಸಿಕೊಳ್ಳಲು ಪುರುಸೊತ್ತು ಇರುತ್ತಿರಲಿಲ್ಲ. ಕಾಗದವಾದರೆ ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು ಓದುತ್ತಾರೆ. ಹಾಗೇ ಓದಿದರು ಕೂಡ.

ಬರೆಯುವ ಮೊದಲು ಒಂದು ಕೆಲಸ ಮಾಡಿದೆ. ಊರಿಗೆ ಹೋದಾಗ ಟ್ರಂಕಿನಲ್ಲಿದ್ದ ಎಫ್‌ಡಿ ಬಾಂಡುಗಳನ್ನೆಲ್ಲ ಅವರ ಜೊತೆಗೇ ಕೂತು ಹಾಸಿಗೆ ಮೇಲೆ ಹರಡಿದೆ. ಒಟ್ಟು 20 ಲಕ್ಷ. ನನಗೆ ಅದು 'ಎಫ್‌ಡಿ' ಅನ್ನುವ ಒಂದೇ ರಾಶಿ ಅನ್ನಿಸಿತ್ತು. ಅವರಿಗೆ ಹಾಗಿರಲಿಲ್ಲ. 11 ಲಕ್ಷದ ಬಡ್ಡಿ ಮನೆ ಖರ್ಚಿಗೆ ಬರುತ್ತಿತ್ತು. 3 ಲಕ್ಷ ಆಸ್ಪತ್ರೆಗೆ, ಕೊಳೆರೋಗದ ಔಷಧಿಗೆ, ಕೊನೆ ಕೊಯ್ಲಿನ ಕೂಲಿಗೆ. ಉಳಿದ 6 ಲಕ್ಷ ಎರಡು ಬಾಂಡುಗಳಲ್ಲಿ ಇತ್ತು. ಅವುಗಳ ಬಡ್ಡಿಯನ್ನು ಅವರು ಯಾವತ್ತೂ ಮುಟ್ಟಿರಲಿಲ್ಲ. ಬಡ್ಡಿಯೂ ಸೇರಿ ಮತ್ತೆ ಮತ್ತೆ ರಿನ್ಯೂ ಆಗುತ್ತಿತ್ತು. ಇದು ಯಾವುದಕ್ಕೆ ಅಂತ ಕೇಳಿದೆ. "ಮುಂದಕ್ಕೆ" ಅಂದರು.

ನನ್ನ ಕಾಗದ ಪೂರ್ತಿ ಆ 'ಮುಂದಕ್ಕೆ' ಮೇಲೆಯೇ ನಿಂತಿತ್ತು. ಮೊದಲ ಸಾಲಿನಲ್ಲೇ ಯಾವುದನ್ನು ಮುಟ್ಟುವುದಿಲ್ಲ ಅಂತ ಬರೆದೆ:

"ಅಪ್ಪಯ್ಯನಿಗೆ ನಮಸ್ಕಾರಗಳು. 14 ಲಕ್ಷದ ಎಫ್‌ಡಿ ಹಾಗೇ ಇರಲಿ. ಅದರ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ. ನಾನು ಕೇಳುತ್ತಿರುವುದು ಹತ್ತು ಹನ್ನೆರಡು ವರ್ಷ ಮುಟ್ಟುವುದಿಲ್ಲ ಅಂತ ನೀವೇ ಹೇಳಿದ ಆ 6 ಲಕ್ಷದ ಬಗ್ಗೆ ಮಾತ್ರ."

ಆಮೇಲೆ ಲೆಕ್ಕ. 11 ಲಕ್ಷಕ್ಕೆ 7% ಅಂದರೆ ವರ್ಷಕ್ಕೆ 77 ಸಾವಿರ ಬಡ್ಡಿ. ಬೆಲೆಗಳು ವರ್ಷಕ್ಕೆ 6% ಏರಿದರೆ, ಇವತ್ತು 77 ಸಾವಿರಕ್ಕೆ ಬರುವ ಅಕ್ಕಿ, ಎಣ್ಣೆ, ಮಾತ್ರೆಗೆ 12 ವರ್ಷದ ನಂತರ ಸುಮಾರು 1.55 ಲಕ್ಷ ಬೇಕು. ಬಡ್ಡಿ ಮಾತ್ರ 77 ಸಾವಿರವೇ, ಯಾಕೆಂದರೆ ಅಸಲು ಬೆಳೆದಿಲ್ಲ. ಆಗ ಅಪ್ಪಯ್ಯನಿಗೆ 76 ವರ್ಷ. ಅಮ್ಮ ಅವರಿಗಿಂತ ಆರು ವರ್ಷ ಚಿಕ್ಕವಳು. ಕಡಿಮೆ ಬಿದ್ದದ್ದನ್ನು ತುಂಬಬೇಕಾದದ್ದು ಆ 6 ಲಕ್ಷ.

ಅದು ಎಫ್‌ಡಿಯಲ್ಲೇ 7% ಬೆಳೆದರೆ 12 ವರ್ಷಕ್ಕೆ 13.5 ಲಕ್ಷ ಆಗುತ್ತದೆ. ಕೇಳಲು ಜಾಸ್ತಿ. ಆದರೆ ಅಷ್ಟರಲ್ಲಿ ಬೆಲೆಗಳೂ ಎರಡರಷ್ಟಾಗಿರುತ್ತವೆ. ಇವತ್ತಿನ ಬೆಲೆಯಲ್ಲಿ ಅದು ಸುಮಾರು 6.7 ಲಕ್ಷ ಮಾತ್ರ. ತೆರಿಗೆ ಕಟ್ಟುವವರಿಗೆ ಇನ್ನೂ ಕಡಿಮೆ, ಯಾಕೆಂದರೆ ಬಡ್ಡಿ ಕೈಗೆ ಬರದಿದ್ದರೂ ವರ್ಷವರ್ಷವೂ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಫಂಡಿನಲ್ಲಿ 10% ಬಂದರೆ 18.8 ಲಕ್ಷ, ಇವತ್ತಿನ ಬೆಲೆಯಲ್ಲಿ ಸುಮಾರು 9.4 ಲಕ್ಷ. ಬರೀ 5% ಬಂದರೆ 10.8 ಲಕ್ಷ, ಅಂದರೆ ಎಫ್‌ಡಿಗಿಂತ ಕಡಿಮೆ. ಆ 5%ರ ಲೆಕ್ಕವನ್ನೂ ಬರೆದೆ. 10% ಬಂದೇ ಬರುತ್ತದೆ ಅಂತ ಯಾರೂ ಹೇಳಲಾಗದು. ನೀವೂ ಮುಚ್ಚಿಡಬೇಡಿ. ಆ ಸಾಲನ್ನು ಓದಿದ ಮೇಲೆಯೇ ಅಪ್ಪಯ್ಯ ಉಳಿದದ್ದನ್ನು ನಂಬಿದ್ದು.

ಮಾರುಕಟ್ಟೆ ಬೀಳುವುದನ್ನೂ ರೂಪಾಯಿಯಲ್ಲೇ ಬರೆದೆ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42 ಸಾವಿರದ ಹತ್ತಿರ ಇತ್ತು, ಮಾರ್ಚ್ 23ಕ್ಕೆ 26 ಸಾವಿರಕ್ಕೆ ಬಂತು. ಆ ಸಲ ಅದೇ ವರ್ಷ ನವೆಂಬರಿನಲ್ಲಿ ಮೊದಲಿನ ಮಟ್ಟಕ್ಕೆ ಬಂತು. 2008ರಲ್ಲಿ ಬಿದ್ದದ್ದು ಇನ್ನೂ ಜಾಸ್ತಿ, ಎದ್ದು ನಿಲ್ಲಲು ಎರಡು ವರ್ಷದ ಮೇಲೆ ಹಿಡಿಯಿತು. "6 ಲಕ್ಷದಲ್ಲಿ 40% ಬಿದ್ದರೆ 3.6 ಲಕ್ಷ ಕಾಣುತ್ತದೆ. ನಿಮ್ಮ 20 ಲಕ್ಷ 17.6 ಲಕ್ಷ ಆಗುತ್ತದೆ. ಇದನ್ನು ನೋಡಿಯೂ ನಿದ್ದೆ ಬರುತ್ತದೆ ಅನ್ನಿಸಿದರೆ ಮಾತ್ರ ಮುಂದೆ ಓದಿ" ಅಂತ ಬರೆದಿದ್ದೆ.

ತೋಟದ ಮಾತು ಬಂದದ್ದು ಇಲ್ಲಿ. ಅಡಿಕೆ ರೇಟು ಬಿದ್ದ ವರ್ಷ ಅವರು ರಾಶಿ ಇಡಿ ಅಡಿಕೆಯನ್ನು ಮಂಡಿಗೆ ಹಾಕದೆ ಅಟ್ಟದ ಮೇಲೆ ಇಟ್ಟುಕೊಂಡು ಕಾದಿದ್ದರು. ಕಾಯಲು ಆದದ್ದು ಹೇಗೆ? ಆ ವರ್ಷ ಕೂಲಿ, ಗೊಬ್ಬರ, ಮನೆ ಖರ್ಚು ನಡೆದದ್ದು ಕಾಳುಮೆಣಸಿನ ದುಡ್ಡಿನಲ್ಲಿ. ಮೆಣಸು ಇಲ್ಲದಿದ್ದರೆ ಸಿಕ್ಕ ರೇಟಿಗೆ ಅಡಿಕೆ ಕೊಡಬೇಕಾಗುತ್ತಿತ್ತು. "ಆ 14 ಲಕ್ಷದ ಎಫ್‌ಡಿ ಮೆಣಸಿದ್ದ ಹಾಗೆ ಅಪ್ಪಯ್ಯ. ಅದು ಇರುವುದರಿಂದಲೇ ಫಂಡ್ ಬಿದ್ದಾಗ ನೀವು ಕಾಯಬಹುದು." ಆ ಎಫ್‌ಡಿ ಇಲ್ಲದಿದ್ದರೆ ಈ ಕಾಗದವನ್ನೇ ನಾನು ಬರೆಯುತ್ತಿರಲಿಲ್ಲ. ನಿಮ್ಮ ತಂದೆ ಪೂರ್ತಿ ಬಡ್ಡಿಯಲ್ಲೇ ಬದುಕುತ್ತಿದ್ದರೆ, ದಯವಿಟ್ಟು ಅವರನ್ನು ಒತ್ತಾಯ ಮಾಡಬೇಡಿ.

ಭದ್ರತೆಯ ಬಗ್ಗೆಯೂ ಒಂದು ಮಾತು ಬರೆಯಬೇಕಾಯಿತು. 6 ಲಕ್ಷದ ಆ ಎರಡು ಬಾಂಡುಗಳಲ್ಲಿ ಒಂದು ಇದ್ದದ್ದು ಬ್ಯಾಂಕಿನಲ್ಲಲ್ಲ, ಒಂದು ಪತ್ತಿನ ಸಹಕಾರ ಸಂಘದಲ್ಲಿ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಅನ್ವಯಿಸುತ್ತದೆ. ಆದರೆ ಬ್ಯಾಂಕ್ ಲೈಸೆನ್ಸ್ ಇಲ್ಲದ ಸಹಕಾರ ಸಂಘಕ್ಕೆ ಅನ್ವಯಿಸುವುದಿಲ್ಲ. ಎರಡೂ ಕಡೆ ಕೊಡುವುದು ಒಂದೇ ತರಹದ ಬಾಂಡು, ಹಾಗಾಗಿ ಅಪ್ಪಯ್ಯನಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ಪಕ್ಕದ ಊರಿನ ನಮ್ಮ ನೆಂಟರ ದುಡ್ಡು ಇಂಥ ಒಂದು ಸಂಘದಲ್ಲಿ ಸಿಕ್ಕಿಕೊಂಡು ಮಗಳ ಮದುವೆಗೆ ಸಾಲ ಮಾಡಬೇಕಾಯಿತು. ನೀವು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ನಿಮ್ಮ ತಂದೆಯ ಬಾಂಡುಗಳಲ್ಲಿ ಇದೊಂದನ್ನು ನೋಡಿ.

ಎಫ್‌ಡಿಯನ್ನು ನಾವು ನಡುವೆ ಮುರಿಯಲಿಲ್ಲ. ಮುರಿದರೆ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಬಡ್ಡಿ ಕಳೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮುರಿಯುವ ಮಾತು ಕೇಳಿದರೆ ಹಿರಿಯರಿಗೆ ಹೊಟ್ಟೆ ಉರಿಯುತ್ತದೆ. ಮೊದಲ 3 ಲಕ್ಷ 2024ರ ಮಾರ್ಚಿನಲ್ಲಿ ಮೆಚ್ಯೂರ್ ಆಗುವುದಿತ್ತು. ಅದರ ಮೇಲೆ ತಾನಾಗಿ ರಿನ್ಯೂ ಆಗುವ ಸೂಚನೆ ಇತ್ತು, ಅದನ್ನು ಮೊದಲೇ ಬರೆದುಕೊಟ್ಟು ತೆಗೆಸಿದೆವು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮತ್ತೊಂದು ಅವಧಿಗೆ ಕೂತಿರುತ್ತಿತ್ತು.

ಬಂದ ದುಡ್ಡನ್ನು ಒಂದೇ ಸಲ ಹಾಕಲಿಲ್ಲ. ಮೊದಲು ಏರಿಳಿತ ತೀರಾ ಕಡಿಮೆ ಇರುವ ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳಿಗೆ 25 ಸಾವಿರದಂತೆ 12 ತಿಂಗಳು ದಾಟಿಸಿದೆವು. ಇದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ಎರಡೂ ಫಂಡು ಒಂದೇ ಕಂಪನಿಯವಾಗಿದ್ದರೆ ಮಾತ್ರ ಇದು ಆಗುತ್ತದೆ. ಅರ್ಧ ದೇಶದ 50 ದೊಡ್ಡ ಕಂಪನಿಗಳ ಶೇರು ಇರುವ ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅರ್ಧ ಶೇರು ಮತ್ತು ಸಾಲಪತ್ರ ಎರಡೂ ಇರುವ ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಫಂಡಿಗೆ. ಒಂದೇ ಜಾತಿಯ ನಾಲ್ಕು ಫಂಡು ತಗೊಂಡರೆ ಹಂಚಿದಂತೆ ಆಗುವುದಿಲ್ಲ. ಒಳಗೆ ಇರುವುದು ಅವೇ ದೊಡ್ಡ ಬ್ಯಾಂಕು, ಅವೇ ಸಾಫ್ಟ್‌ವೇರ್ ಕಂಪನಿಗಳು. ನಿಫ್ಟಿ 50 ಒಂದರಲ್ಲೇ ಮೂರನೇ ಒಂದು ಭಾಗದಷ್ಟು ಬ್ಯಾಂಕು, ಹಣಕಾಸು ಕಂಪನಿಗಳಿವೆ.

ಒಂದು ಕಡೆ ಎಡವುವುದರಲ್ಲಿದ್ದೆವು. ವಿಚಾರಿಸಲು ಅಪ್ಪಯ್ಯ ತಮ್ಮ ಬ್ಯಾಂಕಿಗೇ ಹೋಗಿದ್ದರು. ಅಲ್ಲಿ ಫಂಡ್ ಅಂತಲೇ ಹೇಳಿ ಒಂದು ಫಾರಂ ಕೊಟ್ಟು ಕಳಿಸಿದ್ದರು. ನಾನು ಫೋಟೋ ತರಿಸಿ ನೋಡಿದರೆ ಅದು ಶೇರಿಗೆ ಜೋಡಿಸಿದ ಇನ್ಶೂರೆನ್ಸ್, ಐದು ವರ್ಷ ಹಣ ತೆಗೆಯುವಂತಿಲ್ಲ. ಗುರುತು ಹಿಡಿಯುವುದು ಸುಲಭ. ಫಾರಮ್ಮಿನಲ್ಲಿ 'ಪ್ರೀಮಿಯಂ' ಅಥವಾ 'ಪಾಲಿಸಿ' ಅಂತ ಎಲ್ಲಾದರೂ ಇದ್ದರೆ ಅದು ಮ್ಯೂಚುವಲ್ ಫಂಡ್ ಅಲ್ಲ. ಚೆಕ್ಕನ್ನು ಏಜೆಂಟಿನ ಹೆಸರಿಗೆ ಕೇಳಿದರೂ ಅಲ್ಲಿಂದ ಎದ್ದು ಬನ್ನಿ.

ಅಪ್ಪಯ್ಯನ ಮೊದಲ ಆಕ್ಷೇಪ ಲಾಭ ನಷ್ಟದ ಬಗ್ಗೆ ಇರಲಿಲ್ಲ. "ಬಾಂಡ್ ಎಲ್ಲಿ?" ಅಂತ ಕೇಳಿದರು. ಟ್ರಂಕಿನಲ್ಲಿ ಇಡಲು ಏನೂ ಇಲ್ಲ ಅನ್ನುವುದು ಅವರಿಗೆ ನಿಜವಾದ ಭಯ. ಎಲ್ಲ ಫಂಡುಗಳ ಲೆಕ್ಕವೂ ಒಟ್ಟಾಗಿ ಬರುವ ಸಿಎಎಸ್ ಸ್ಟೇಟ್‌ಮೆಂಟನ್ನು ತಿಂಗಳಿಗೊಮ್ಮೆ ಪ್ರಿಂಟ್ ಮಾಡಿಸಿ ಕಳಿಸುತ್ತೇನೆ. ಅದು ಬಾಂಡುಗಳ ಕವರಿನಲ್ಲೇ ಕೂರುತ್ತದೆ. ಮೊಬೈಲ್ ನಂಬರ್ ಅವರದೇ ಕೊಟ್ಟಿದ್ದೇವೆ, ಒಟಿಪಿ ಬರುವುದು ಅವರಿಗೆ. ಅಮ್ಮ ನಾಮಿನಿ. ನನ್ನ ಹೆಸರು ಎಲ್ಲೂ ಇಲ್ಲ. ಇದು ಬೇಕಂತಲೇ ಮಾಡಿದ್ದು. ಮಗಳು ದುಡ್ಡು ಕೈಗೆ ತಗೊಳ್ಳುತ್ತಿದ್ದಾಳೆ ಅನ್ನುವ ಅನುಮಾನಕ್ಕೆ ಜಾಗವೇ ಇರಬಾರದು, ಅಲ್ವಾ?

2024ರ ಸೆಪ್ಟೆಂಬರ್ ಕೊನೆಯಿಂದ ಮಾರುಕಟ್ಟೆ ಇಳಿಯುತ್ತಾ ಬಂತು. 2025ರ ಫೆಬ್ರವರಿ ಕೊನೆಯ ಸ್ಟೇಟ್‌ಮೆಂಟಿನಲ್ಲಿ ಹಾಕಿದ್ದಕ್ಕಿಂತ 15 ಸಾವಿರದ ಹತ್ತಿರ ಕಡಿಮೆ ಇತ್ತು. "ಪುಟ್ಟಿ, ಇದು ಕರಗ್ತಾ ಇದೆಯಲ್ಲೇ" ಅಂತ ಫೋನ್ ಬಂತು. ಕಾಗದದ ಎರಡನೇ ಹಾಳೆ ತೆಗೆದು ನೋಡಿ ಅಂದೆ. ಅಲ್ಲಿ ಬರೆದದ್ದು 2.4 ಲಕ್ಷದ ಇಳಿತ, ಇಲ್ಲಿ ಆಗಿದ್ದು 15 ಸಾವಿರ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಈ ತಿಂಗಳ ಕಂತು ಹೋಗಲಿ ಬಿಡು ಅಂದರು.

ಎರಡನೇ ಬಾಂಡು, ಆ ಸಂಘದ್ದು, ಮೆಚ್ಯೂರ್ ಆದಾಗ ನಾನು ಬಾಯಿ ಬಿಡಲಿಲ್ಲ. ಅವರೇ ತೀರ್ಮಾನ ಮಾಡಿದರು: 2 ಲಕ್ಷ ಫಂಡಿಗೆ, 1 ಲಕ್ಷ ಬ್ಯಾಂಕಿನ ಎಫ್‌ಡಿಗೆ. ನನ್ನ ಲೆಕ್ಕದಲ್ಲಿ 3 ಲಕ್ಷವೂ ಫಂಡಿಗೆ ಹೋಗಬೇಕಿತ್ತು. ಆದರೆ ಆ ಒಂದು ಲಕ್ಷ ಎಫ್‌ಡಿಯಲ್ಲಿ ಇರುವುದರಿಂದ ಅವರು ಉಳಿದ ಐದನ್ನು ಮುಟ್ಟದೆ ಬಿಡುತ್ತಾರೆ ಅನ್ನಿಸಿತು. ಸರಿ ಅಪ್ಪಯ್ಯ ಅಂದೆ.