ಮೆಂಬ್ರೇನ್ ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಮೊದಲು ವೇಸ್ಟ್ ನೀರನ್ನು ಅಳೆಯಿರಿ

ಪ್ರಶ್ನೆ: ಶಿರಾ ತಾಲ್ಲೂಕಿನ ಹಳ್ಳಿಯಲ್ಲಿ ಮನೆಯಿಂದಲೇ ಫ್ಯಾನ್, ಮಿಕ್ಸಿ ರಿಪೇರಿ ಮಾಡುತ್ತೇನೆ. ಈಚೆಗೆ ಆರ್‌ಒ ಸರ್ವಿಸನ್ನೂ ಆರಂಭಿಸಿದ್ದೇನೆ. ಒಂದು ಮನೆಗೆ ಬಿಡಿಭಾಗವೂ ಸೇರಿ ವರ್ಷಕ್ಕೆ 3,500 ರೂಪಾಯಿಗೆ ಒಪ್ಪಿಕೊಂಡೆ. ಏಳು ತಿಂಗಳಲ್ಲಿ ಎರಡು ಮೆಂಬ್ರೇನ್ ಹಾಕಿದೆ, ಒಂದಕ್ಕೆ ನನಗೆ 1,200 ರೂಪಾಯಿ ಬೀಳುತ್ತದೆ. ಈಗ ಮತ್ತೆ ನೀರು ಸಣ್ಣಗೆ ಬರುತ್ತಿದೆ. ಬೋರ್‌ವೆಲ್ ನೀರಿನ ಟಿಡಿಎಸ್ 1,600. ಮೆಂಬ್ರೇನೇ ಕಳಪೆಯೇ? ಟಿಡಿಎಸ್ ವಾಲ್ವ್ ಸ್ವಲ್ಪ ತೆರೆದರೆ ನೀರು ಹೆಚ್ಚುತ್ತದಂತೆ, ತೆರೆಯಬಹುದೇ?

ಉತ್ತರ: ಮೂರನೆಯ ಮೆಂಬ್ರೇನ್ ಕೊಳ್ಳುವ ಮೊದಲು ಒಂದು ಅಳತೆ ಜಗ್ಗು ಹಾಗೂ ಗಡಿಯಾರ ಹಿಡಿದು ಆ ಮನೆಗೆ ಹೋಗಿ. ಫ್ಯಾನ್ ನಿಧಾನವಾಗಿ ತಿರುಗಿದಾಗ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿದರೆ ಹೆಚ್ಚಾಗಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮೆಂಬ್ರೇನ್ ಹಾಗಲ್ಲ, ಅದನ್ನು ಕೆಡಿಸಿದ ಕಾರಣ ಯಂತ್ರದೊಳಗೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಯಂತ್ರ ಓಡುತ್ತಿರುವಾಗ ಶುದ್ಧ ನೀರಿನ ಪೈಪನ್ನೂ ವೇಸ್ಟ್ ಪೈಪನ್ನೂ ಬೇರೆ ಬೇರೆಯಾಗಿ ಒಂದೊಂದು ನಿಮಿಷ ಜಗ್ಗಿಗೆ ಬಿಡಿ. 75 ಜಿಪಿಡಿ ಮೆಂಬ್ರೇನ್ ಹಾಗೂ ವೇಸ್ಟ್ ನೀರಿನ ಹರಿವಿಗೆ ಮಿತಿ ಹಾಕುವ, 450 ಎಂದು ಬರೆದಿರುವ ಎಫ್‌ಆರ್ ಇರುವ ಯಂತ್ರದಲ್ಲಿ, ನಿಮ್ಮಂಥ ಗಡಸು ನೀರಿಗೆ, ಶುದ್ಧ ನೀರು ನಿಮಿಷಕ್ಕೆ ಸುಮಾರು 150 ಮಿ.ಲೀ., ವೇಸ್ಟ್ ಸುಮಾರು 450 ಮಿ.ಲೀ. ಬರಬೇಕು. ಶುದ್ಧ ನೀರು ಮಾತ್ರ ಕಡಿಮೆಯಾಗಿ ವೇಸ್ಟ್ ಸರಿಯಾಗಿದ್ದರೆ ಮೆಂಬ್ರೇನ್ ಕಟ್ಟಿಕೊಂಡಿದೆ ಎಂದರ್ಥ. ಎರಡೂ ಕಡಿಮೆಯಿದ್ದರೆ ಪಂಪಿನ ನಂತರ ಒಂದು ಟೀ ಹಾಕಿ ಪ್ರೆಶರ್ ಗೇಜ್ ಜೋಡಿಸಿ: ಒತ್ತಡ ಕಡಿಮೆ ತೋರಿಸಿದರೆ ಸೆಡಿಮೆಂಟ್ ಫಿಲ್ಟರ್, ಪಂಪು ಅಥವಾ ಲೋಡ್ ಬಿದ್ದಾಗ 24 ವೋಲ್ಟ್ ಹಿಡಿದಿಡಲಾಗದ ಎಸ್‌ಎಂಪಿಎಸ್ ಕಾರಣ, ಒತ್ತಡ ಎಂದಿಗಿಂತ ಹೆಚ್ಚಿದ್ದರೆ ಎಫ್‌ಆರ್ ಕಟ್ಟಿಕೊಂಡಿದೆ.

ನನ್ನ ಅನುಮಾನ ಈ ಕೊನೆಯದರ ಮೇಲೆಯೇ ಇದೆ, ಏಕೆಂದರೆ ಮೆಂಬ್ರೇನ್ ಬದಲಿಸುವಾಗ ಎಫ್‌ಆರ್ ಎಂಬ ಆ ಬೆರಳುದ್ದದ ತುಂಡನ್ನು ಹಳೆಯದೇ ಉಳಿಸುವುದು ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿದೆ. ಅದು ಕಟ್ಟಿಕೊಂಡು ವೇಸ್ಟ್ 75 ಮಿ.ಲೀ.ಗೆ ಇಳಿಯಿತೆಂದುಕೊಳ್ಳಿ. ಹೊಸ ಮೆಂಬ್ರೇನ್ 150 ಮಿ.ಲೀ. ಶುದ್ಧ ನೀರು ಕೊಡುವುದರಿಂದ ಮನೆಯವರಿಗೂ ನಿಮಗೂ ಎಲ್ಲ ಸರಿಯಾಗಿದೆ ಎನಿಸುತ್ತದೆ. ಆದರೆ ಒಳಗೆ ಹೋದ 225 ಮಿ.ಲೀ. ನೀರಿನ ಬಹುಪಾಲು ಲವಣ ಈಗ 75 ಮಿ.ಲೀ.ನಲ್ಲಿ ಉಳಿಯುತ್ತದೆ, ಅಂದರೆ ಮೆಂಬ್ರೇನಿನ ಕೊನೆಯ ಭಾಗಕ್ಕೆ ತಾಗುವ ನೀರಿನ ಟಿಡಿಎಸ್ 4,800ರ ಹತ್ತಿರ ಹೋಗುತ್ತದೆ. ವೇಸ್ಟ್ 450 ಇದ್ದಿದ್ದರೆ ಅದು 2,100ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಇಷ್ಟು ಸಾಂದ್ರವಾದ ಗಡಸು ನೀರಿನಿಂದ ಸುಣ್ಣದ ಪದರ ಕೆಲವೇ ತಿಂಗಳಲ್ಲಿ ಕೂರುತ್ತದೆ. ವೇಸ್ಟ್ ಪೈಪಿನಿಂದ ಟಿಡಿಎಸ್ ಮೀಟರಿಗೆ ಒಂದಿಷ್ಟು ನೀರು ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಸಿಂಕಿನ ಕೆಳಗೂ ಒಮ್ಮೆ ಬಗ್ಗಿ ನೋಡಿ. ನೀರು ಹಾಳಾಗುತ್ತದೆಂದು ವೇಸ್ಟ್ ಪೈಪನ್ನು ಮಡಿಸಿ ದಾರ ಕಟ್ಟಿದ ಮನೆಗಳನ್ನು ನಾನು ಕಂಡಿದ್ದೇನೆ; ಅಲ್ಲಿ ಎಷ್ಟು ಎಫ್‌ಆರ್ ಬದಲಿಸಿದರೂ ಪ್ರಯೋಜನವಿಲ್ಲ. ಆ ನೀರನ್ನು ಬಕೆಟ್ಟಿಗೆ ಬಿಟ್ಟು ನೆಲ ಒರೆಸಲು ಬಳಸುವಂತೆ ಹೇಳಿ, ಗಿಡಗಳಿಗೆ ಬೇಡ. ಹೊಸ ಎಫ್‌ಆರ್ ಹಾಕುವಾಗ ಬಾಣದ ಗುರುತು ನೀರು ಹರಿಯುವ ದಿಕ್ಕಿಗಿರಲಿ, ಹೊಸ ಮೆಂಬ್ರೇನ್ ಹಾಕಿದ ಮೇಲೆ ಮೊದಲು ತುಂಬಿದ ಒಂದೆರಡು ಟ್ಯಾಂಕ್ ನೀರನ್ನು ಚೆಲ್ಲಿಸಿ.

ಟಿಡಿಎಸ್ ವಾಲ್ವನ್ನು ನಿಮ್ಮ ಭಾಗದಲ್ಲಿ ತೆರೆಯಲೇಬೇಡಿ. ಅದು ಮೆಂಬ್ರೇನ್ ದಾಟದ ನೀರನ್ನೇ ಶುದ್ಧ ನೀರಿಗೆ ಬೆರೆಸುತ್ತದೆ, ನೀರು ಹೆಚ್ಚಿದಂತೆ ಕಾಣುವುದು ಅದರಿಂದಲೇ. ತುಮಕೂರು ಜಿಲ್ಲೆಯ ಪಾವಗಡ, ಶಿರಾ ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಮೂಲ ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಇದ್ದು ಮೂರರಲ್ಲೊಂದು ಪಾಲು ಬೆರೆತರೆ ಕುಡಿಯುವ ನೀರಿನಲ್ಲಿ ಅದು 1 ಮಿ.ಗ್ರಾಂ ದಾಟುತ್ತದೆ, ಐಎಸ್ 10500 ಮಾನಕ ಸ್ವೀಕಾರಾರ್ಹವೆನ್ನುವ ಮಿತಿಯೂ ಅಷ್ಟೇ. ಟಿಡಿಎಸ್ ಮೀಟರು ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ, ಆದ್ದರಿಂದ ಒಂದು ಬಾಟಲಿ ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿಕೊಳ್ಳುವುದೇ ದಾರಿ.

ಒಪ್ಪಂದದ ವಿಷಯದಲ್ಲಿ ನೀವು ಎಡವಿದ್ದು ನೀರು ನೋಡುವ ಮೊದಲೇ ಬೆಲೆ ಹೇಳಿದ್ದರಲ್ಲಿ. ಎರಡು ಮೆಂಬ್ರೇನಿಗೆ 2,400 ಹೋದ ಮೇಲೆ ಉಳಿದ 1,100 ರೂಪಾಯಿಯಲ್ಲೇ ಫಿಲ್ಟರುಗಳು, ಪೆಟ್ರೋಲು, ನಿಮ್ಮ ಕೂಲಿ ಎಲ್ಲವೂ ಬರಬೇಕಾಗಿದೆ. ಈ ವರ್ಷದ ಮಾತನ್ನು ಮುರಿಯಬೇಡಿ, ಮೂರನೆಯದನ್ನು ಎಫ್‌ಆರ್ ಸಮೇತ ನೀವೇ ಹಾಕಿಕೊಡಿ. ಮುಂದಿನ ವರ್ಷದಿಂದ 1,000 ಟಿಡಿಎಸ್ ಮೀರಿದ ನೀರಿಗೆ ಮೆಂಬ್ರೇನನ್ನು ಒಪ್ಪಂದದಿಂದ ಹೊರಗಿಟ್ಟು, ಫಿಲ್ಟರ್ ಹಾಗೂ ಭೇಟಿಗಳಿಗೆ ಮಾತ್ರ ಹಣ ಗೊತ್ತುಮಾಡಿ. ಪ್ರತಿ ಭೇಟಿಯಲ್ಲೂ ಶುದ್ಧ ನೀರು, ವೇಸ್ಟ್, ಎರಡರ ಟಿಡಿಎಸ್ ಮತ್ತು ದಿನಾಂಕವನ್ನು ಯಂತ್ರದ ಮುಚ್ಚಳದ ಒಳಗೆ ಚೀಟಿ ಅಂಟಿಸಿ ಬರೆದಿಡಿ. ವೇಸ್ಟ್ 300 ಮಿ.ಲೀ.ಗಿಂತ ಕೆಳಗಿಳಿದ ದಿನವೇ ಎಫ್‌ಆರ್ ಬದಲಿಸಿದರೆ ಮೆಂಬ್ರೇನ್ ಕೆಡುವ ಮುನ್ನವೇ ನೀವು ಅಲ್ಲಿರುತ್ತೀರಿ.